ಸೊಸೈಟಿ ವರದಿಯ ಸಾಲದ ಪ್ಯಾರಾ: ಊರವರು ಓದುವಂತೆ ಬರೆಯುವುದು

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ನಿರ್ದೇಶಕಿ. ಮಹಾಸಭೆಗೆ ಮುಂಚೆ ಸದಸ್ಯರಿಗೆ ಹಂಚುವ ವಾರ್ತಾಪತ್ರ ಬರೆಯುವ ಕೆಲಸ ಈ ಸಲ ನನ್ನ ತಲೆಗೆ ಬಂದಿದೆ. ವಾರ್ಷಿಕ ವರದಿಯಲ್ಲಿ ಸಾಲದ ಬಗ್ಗೆ ಹೀಗಿದೆ: "ವರದಿ ಸಾಲಿನಲ್ಲಿ 412 ಜನ ಸದಸ್ಯರುಗಳಿಗೆ ಕೆಸಿಸಿ ಯೋಜನೆಯಡಿ ರೂ. 610.00 ಲಕ್ಷಗಳ ಬೆಳೆಸಾಲ ವಿತರಿಸಲಾಗಿದ್ದು, ವರ್ಷದ ತಗಾದೆ ರೂ. 600.00 ಲಕ್ಷಗಳ ಪೈಕಿ ರೂ. 570.00 ಲಕ್ಷಗಳು ವಸೂಲಾಗಿ ಶೇ. 95ರ ವಸೂಲಾತಿ ಸಾಧಿಸಲಾಗಿರುತ್ತದೆ. ವರ್ಷಾಂತ್ಯಕ್ಕೆ ಹೊರಬಾಕಿ ಸಾಲ ರೂ. 640.00 ಲಕ್ಷಗಳಿದ್ದು, ಸದರಿ ಪೈಕಿ ಸುಸ್ತಿಯಾಗಿರುವ ಸಾಲಗಳಿಗೆ ಸಂಬಂಧಿಸಿದಂತೆ ಸೂಕ್ತ ಕಾನೂನು ಕ್ರಮ ಜರುಗಿಸಲು ಕ್ರಮವಹಿಸಲಾಗುತ್ತಿದೆ." ಇದನ್ನು ಯಾರೂ ಓದಲ್ಲ. ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ ಬರೆಯೋಣ ಅಂದರೆ ನಮ್ಮ ಸಿಇಒ 'ಆಡಿಟ್‌ನಲ್ಲಿ ತೊಂದರೆಯಾಗತ್ತೆ' ಅಂತಾರೆ. ಏನು ಮಾಡಲಿ?

ಉತ್ತರ:

ನಿಮ್ಮ ಸಿಇಒ ಹೆದರಿಕೆಗೆ ಮೊದಲು ಸಮಾಧಾನ ಹೇಳೋಣ. ಮಹಾಸಭೆಯ ಮುಂದೆ ಇಡುವ ವಾರ್ಷಿಕ ವರದಿ, ಲೆಕ್ಕಪರಿಶೋಧನೆಯಾದ ಆಸ್ತಿ-ಜವಾಬ್ದಾರಿ ತಖ್ತೆ, ಲಾಭ-ನಷ್ಟ ತಖ್ತೆ, ಇವನ್ನು ಯಾರೂ ಮುಟ್ಟುವುದಿಲ್ಲ. ಅವು ಇರುವ ಹಾಗೇ ಇರಲಿ. ವಾರ್ತಾಪತ್ರ ಬೇರೆ ಕಾಗದ. ಅದರ ಕೊನೆಗೆ "ಪೂರ್ಣ ಲೆಕ್ಕ ಸಂಘದ ಕಚೇರಿಯಲ್ಲಿದೆ, ಯಾವ ಸದಸ್ಯರೂ ಬಂದು ನೋಡಬಹುದು, ಮಹಾಸಭೆಯ ಮುಂದಿಡುವುದೂ ಅದೇ" ಎಂದು ಒಂದು ಸಾಲು ಹಾಕಿದರೆ ಸಾಕು. ಆಡಿಟ್‌ನವರು ಕೇಳುವುದು ಅಂಕಿ ತಪ್ಪಿದೆಯೇ ಎಂದು. ವಾಕ್ಯ ಯಾಕೆ ಚಿಕ್ಕದಾಯಿತು ಎಂದಲ್ಲ. ಒಂದೇ ಎಚ್ಚರಿಕೆ: ಅದೇ ಪತ್ರದಲ್ಲಿ ಸಭೆಯ ನೋಟಿಸ್, ಕಾರ್ಯಸೂಚಿ ಅಥವಾ ಬೈಲಾ ತಿದ್ದುಪಡಿಯ ಪಠ್ಯ ಅಚ್ಚಾಗುತ್ತಿದ್ದರೆ ಆ ಭಾಗಕ್ಕೆ ಕೈ ಹಾಕಬೇಡಿ. ಅಲ್ಲಿ ಒಂದು ಪದ ಬದಲಾದರೂ ಮುಂದೆ ತಕರಾರಿಗೆ ದಾರಿಯಾಗುತ್ತದೆ.

ಇನ್ನು ಪ್ಯಾರಾ. ಭಾಷೆ ತಿದ್ದುವ ಮೊದಲು ಕೂಡಿ-ಕಳೆದು ನೋಡಿ. ವಾಪಸು ಬರಬೇಕಾಗಿದ್ದದ್ದು 600 ಲಕ್ಷ, ಬಂದದ್ದು 570. ಉಳಿದದ್ದು 30 ಲಕ್ಷ. ಈಗ ಇನ್ನೊಂದು ದಾರಿಯಿಂದ ಬನ್ನಿ. ವರ್ಷದ ಕೊನೆಗೆ ಸದಸ್ಯರ ಕೈಯಲ್ಲಿರುವ ಸಾಲ 640 ಲಕ್ಷ. ಅದರಲ್ಲಿ ಈ ವರ್ಷ ಹೊಸದಾಗಿ ಕೊಟ್ಟದ್ದು 610. ಕಳೆದರೆ ಮತ್ತೆ 30 ಲಕ್ಷ. ಎರಡೂ ದಾರಿ ಒಂದೇ ಕಡೆ ಸೇರಿದವು, ಅಂದರೆ ಲೆಕ್ಕ ಕೂಡಿಬಂತು. ಕೂಡಿಬರದಿದ್ದರೆ ಬರೆಯಲು ಕೂರಬೇಡಿ, ಹಿಂದಿನ ವರ್ಷದ ಕೊನೆಯ ಬಾಕಿ ಎಷ್ಟಿತ್ತೆಂದು ಸಿಇಒ ಹತ್ತಿರ ಕೇಳಿ. ವರ್ಷದ ಆರಂಭದ ಬಾಕಿಗೆ ಕೊಟ್ಟದ್ದು ಕೂಡಿಸಿ, ಬಂದದ್ದು ಕಳೆದರೆ ಕೊನೆಯ ಬಾಕಿ ಸಿಗಲೇಬೇಕು. ನಿಮ್ಮ ಅಂಕಿಗಳ ಪ್ರಕಾರ ಆರಂಭದ ಬಾಕಿ 600 ಲಕ್ಷ ಇರಬೇಕು.

ಗಮನಿಸಿದಿರಾ, ಆ 30 ಲಕ್ಷ ಎಂಬ ಅಂಕಿ ನಿಮ್ಮ ವರದಿಯ ಪ್ಯಾರಾದಲ್ಲಿ ಎಲ್ಲೂ ಇಲ್ಲ! ಇಡೀ ಪ್ಯಾರಾದಲ್ಲಿ ಸದಸ್ಯನಿಗೆ ನಿಜಕ್ಕೂ ಬೇಕಾದ ಅಂಕಿ ಅದೊಂದೇ, ಅದನ್ನೇ ಬಿಟ್ಟು ಉಳಿದದ್ದೆಲ್ಲ ಕೊಟ್ಟಿದ್ದಾರೆ. ಬೇಕೆಂದೇ ಬಿಟ್ಟರೋ, ಹೋದ ವರ್ಷದ ವರದಿಯ ಮೇಲೆ ಅಂಕಿ ಮಾತ್ರ ಬದಲಿಸಿದರೋ ಹೇಳಲಾರೆ. ಎರಡನೆಯದೇ ಇರಬೇಕು. ಬಹುಪಾಲು ಸಂಘಗಳ ವರದಿ ಹುಟ್ಟುವುದೇ ಹಾಗೆ.

ಈ ಅಂಕಿ ಇಲ್ಲದೆ ಪ್ಯಾರಾವನ್ನು ಆಡುಮಾತಿಗೆ ತರಲು ಹೊರಟವರು ಹೆಚ್ಚಾಗಿ ಬೀಳುವುದು ಒಂದೇ ಗುಂಡಿಗೆ. "ಸದಸ್ಯರಿಂದ ಸೊಸೈಟಿಗೆ ಬರಬೇಕಾದ ಸಾಲ 6 ಕೋಟಿ 40 ಲಕ್ಷ ಬಾಕಿ ಇದೆ" ಎಂದು ಬರೆದುಬಿಡುತ್ತಾರೆ. ಅಂಕಿ ಸರಿ, ಕೇಳಿದವನಿಗೆ ಆಗುವ ಅರ್ಥ ತಪ್ಪು. ಲೆಕ್ಕದ ಮಾತಿನಲ್ಲಿ ಹೊರಬಾಕಿ ಎಂದರೆ ಕೊಟ್ಟ ಸಾಲದಲ್ಲಿ ಇನ್ನೂ ವಾಪಸು ಬಾರದ್ದು, ಗಡುವು ದಾಟಿದ್ದೂ ಸೇರಿ, ದಾಟದ್ದೂ ಸೇರಿ. ಗಡುವು ದಾಟಿದ್ದಷ್ಟೇ ಸುಸ್ತಿ. ಊರಿನಲ್ಲಿ "ಬಾಕಿ" ಅಂದರೆ ಮಾತ್ರ ಕೊಡಬೇಕಾದ್ದನ್ನು ಕೊಡದೆ ಕೂತದ್ದು. ಆ ಒಂದು ವಾಕ್ಯ ಓದಿದ ಠೇವಣಿದಾರ ಆರೂವರೆ ಕೋಟಿ ಮುಳುಗಿತು ಎಂದುಕೊಳ್ಳುತ್ತಾನೆ. ಅವನು ಮಂಡಿಯಲ್ಲಿ ಇನ್ನೊಬ್ಬರಿಗೆ ಹೇಳುತ್ತಾನೆ. ವಾರದೊಳಗೆ ಠೇವಣಿ ವಾಪಸು ಕೇಳುವವರು ಬಾಗಿಲಿಗೆ ಬಂದರೆ ಅವರನ್ನು ಬೈಯುವಂತಿಲ್ಲ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಡಿಸಿಸಿ ಬ್ಯಾಂಕಿನಂಥ ಸಹಕಾರಿ ಬ್ಯಾಂಕುಗಳಿಗೂ ಉಂಟು. ಪ್ರಾಥಮಿಕ ಸಹಕಾರ ಸಂಘದಲ್ಲಿಟ್ಟ ಠೇವಣಿಗೆ ಆ ರಕ್ಷಣೆ ಇಲ್ಲ. ಜನ ಸೊಸೈಟಿಯಲ್ಲಿ ದುಡ್ಡಿಡುವುದು ಆಡಳಿತ ಮಂಡಳಿಯ ಮೇಲಿನ ನಂಬಿಕೆಯಿಂದ. ಆದ್ದರಿಂದಲೇ 640ಕ್ಕೂ 30ಕ್ಕೂ ಇರುವ ವ್ಯತ್ಯಾಸ ಅವರಿಗೆ ಸ್ಪಷ್ಟವಾಗಿ ತಿಳಿಯಬೇಕು.

ಶೇ. 95ರ ವಿಷಯ ಇನ್ನೂ ಸೂಕ್ಷ್ಮ. ಅದು ತಗಾದೆಯ, ಅಂದರೆ ಆ ವರ್ಷ ವಾಪಸು ಬರಬೇಕಾಗಿದ್ದ ಹಣದ ಶೇ. 95. ಕೊಟ್ಟ ಎಲ್ಲ ಸಾಲದ್ದಲ್ಲ. ಬೆಳೆಸಾಲದ ಜೊತೆ ಮಧ್ಯಮಾವಧಿ ಸಾಲವನ್ನೂ ಸೇರಿಸಿ ಹೇಳುವಾಗ ಈ ಎರಡು ಬಹಳ ದೂರ ಹೋಗುತ್ತವೆ, ಯಾಕೆಂದರೆ ಅಲ್ಲಿ ವರ್ಷವರ್ಷಕ್ಕೆ ಒಂದು ಕಂತು ಮಾತ್ರ ತಗಾದೆಗೆ ಬರುತ್ತದೆ.

ಇಲ್ಲೇ ಇನ್ನೊಂದು ಮಾತಿದೆ, ಅದನ್ನು ವರದಿಗಳು ಹೇಳುವುದಿಲ್ಲ, ಊರಿಗೆಲ್ಲ ಗೊತ್ತು. ಬೆಳೆಸಾಲ ಗಡುವಿನ ಹೊತ್ತಿಗೆ ಬಹಳಷ್ಟು ಕಡೆ ಆಗುವುದು ಕಟ್ಟಿ-ಎತ್ತುವ ಕೆಲಸ. ಸದಸ್ಯ ಎಲ್ಲಿಂದಲೋ ಕೈಗಡ ತಂದು ಹಳೆ ಸಾಲ ಕಟ್ಟುತ್ತಾನೆ, ಅದೇ ದಿನವೋ ನಾಲ್ಕು ದಿನ ಬಿಟ್ಟೋ ಹೊಸ ಸಾಲ ಎತ್ತಿ ಕೈಗಡ ತೀರಿಸುತ್ತಾನೆ. ಕಾನೂನಿನ ಕಣ್ಣಿಗೆ ಅದು ವಸೂಲಿಯೇ. ನಗದು ಪುಸ್ತಕದ ಮಾರ್ಚ್ ಪುಟಗಳನ್ನು ತೆಗೆದು ನೋಡಿ. ಕಟ್ಟಿದವರ ಹೆಸರುಗಳೇ ಎತ್ತಿದವರ ಪಟ್ಟಿಯಲ್ಲೂ ಅದೇ ಮೊತ್ತಕ್ಕೆ ಸಾಲಾಗಿ ಬರುತ್ತಿದ್ದರೆ ನಿಮ್ಮ ಶೇ. 95ರಲ್ಲಿ ಇದರ ಪಾಲು ದೊಡ್ಡದು. ಹಾಗಂತ ವಾರ್ತಾಪತ್ರದಲ್ಲಿ ಯಾರನ್ನೂ ಗುರಿ ಮಾಡಬೇಕಾಗಿಲ್ಲ. ಆದರೆ "ಭರ್ಜರಿ ವಸೂಲಾತಿ" ಎಂದು ಬೀಗಬೇಡಿ. ಬಂದ ಹಣ ತಿಜೋರಿಯಲ್ಲಿ ಕೂತಿಲ್ಲ, ಹೊಸ ಸಾಲವಾಗಿ ಹೊರಗೆ ಹೋಗಿದೆ ಎಂಬ ಒಂದು ಸತ್ಯವಾದ ವಾಕ್ಯ ಸಾಕು.

ಈಗ ಭಾಷೆಗೆ ಬರೋಣ. "ವಿತರಿಸಲಾಗಿದ್ದು", "ಸಾಧಿಸಲಾಗಿರುತ್ತದೆ", "ಕ್ರಮವಹಿಸಲಾಗುತ್ತಿದೆ". ಈ ಮೂರರಲ್ಲೂ ಮಾಡಿದವರು ಯಾರೆಂಬುದಿಲ್ಲ. ಪ್ರತಿಯೊಂದಕ್ಕೂ ಯಾರು ಎಂದು ಕೇಳಿ, ಬಂದ ಉತ್ತರವನ್ನು ವಾಕ್ಯದ ತಲೆಗೆ ಕೂರಿಸಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆದರೆ ಎಲ್ಲದಕ್ಕೂ "ನಾವು" ಹಾಕಿ ಮುಗಿಸಬೇಡಿ. ಸೊಸೈಟಿಯಲ್ಲಿ "ನಾವು" ಅಂದರೆ ಯಾರು? ಹನ್ನೆರಡು-ಹದಿಮೂರು ನಿರ್ದೇಶಕರೋ, ಸಿಬ್ಬಂದಿಯೋ, ಷೇರು ಹಾಕಿದ ಎಲ್ಲರೋ? "ನಾವು 5 ಕೋಟಿ 70 ಲಕ್ಷ ವಸೂಲು ಮಾಡಿದೆವು" ಎಂದರೆ ಸೊಸೈಟಿ ಒಂದು ಕಡೆ, ಸದಸ್ಯರು ಇನ್ನೊಂದು ಕಡೆ ನಿಂತ ಹಾಗೆ. ಕಟ್ಟಿದ್ದು ಸದಸ್ಯರು, ಅದನ್ನು ಹಾಗೇ ಹೇಳಿ. ಮನೆಮನೆಗೆ ಹೋಗಿ ನೆನಪಿಸಿದ್ದು ಸಿಬ್ಬಂದಿ. ದಾವೆ ಹೂಡಲು ತೀರ್ಮಾನಿಸಿದ್ದು ಆಡಳಿತ ಮಂಡಳಿ, ಅಂದರೆ ನೀವೂ ಸೇರಿ. ಆ ಹೊಣೆ ನಿಮ್ಮ ಹೆಸರಿನಲ್ಲೇ ಇರಲಿ.

"ಸೂಕ್ತ ಕಾನೂನು ಕ್ರಮ ಜರುಗಿಸಲು ಕ್ರಮವಹಿಸಲಾಗುತ್ತಿದೆ" ಎಂಬಲ್ಲಿ ಎರಡು ಸಲ ಕ್ರಮ ಬಂದರೂ ನಡೆದದ್ದೇನು ಎಂದು ತಿಳಿಯುವುದಿಲ್ಲ. ಇದನ್ನು ಬಿಡಿಸಲು ಸಿಇಒ ಎದುರು ಕೂತು ಕೇಳಬೇಕು. ಸಾಮಾನ್ಯವಾಗಿ ನಡೆಯುವುದಿಷ್ಟು: ಮೊದಲು ನೋಟಿಸ್. ಅದಕ್ಕೂ ಜಗ್ಗದಿದ್ದರೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 70ನೇ ಕಲಮಿನಡಿ ಸಹಕಾರ ಇಲಾಖೆಯ ಮುಂದೆ ದಾವೆ. ಅಲ್ಲಿ ಸಂಘದ ಪರ ತೀರ್ಪು ಬಂದ ಮೇಲೆ ಅಮಲ್ಜಾರಿ, ಅಂದರೆ ತೀರ್ಪಿನ ಪ್ರಕಾರ ಹಣ ವಸೂಲು ಮಾಡುವುದು. ನಿಮ್ಮಲ್ಲಿ ಎಷ್ಟು ಮಂದಿ ಯಾವ ಮೆಟ್ಟಿಲಲ್ಲಿದ್ದಾರೆ? "ಇನ್ನೂ ನೋಟಿಸನ್ನೇ ಕಳಿಸಿಲ್ಲ" ಎಂಬ ಉತ್ತರ ಬಂದರೂ ಬರಬಹುದು. ಹಾಗಿದ್ದರೆ ಮೊದಲು ನೋಟಿಸ್ ಹೋಗಲಿ, ಆಮೇಲೆ ವಾರ್ತಾಪತ್ರ ಅಚ್ಚಾಗಲಿ.

ಇಷ್ಟು ಕೈಯಲ್ಲಿದ್ದರೆ ಪ್ಯಾರಾ ಹೀಗೆ ಬರಬಹುದು. ಇದರಲ್ಲಿ 26, 17, 5 ಎಂಬ ಸಂಖ್ಯೆಗಳು, ತಿಂಗಳುಗಳು, ತಡವಾದ ಕಾರಣ, ಇವು ಮಾದರಿಗೆಂದು ನಾನು ಹಾಕಿದ್ದು. ಅವನ್ನೂ, "ಹೆಚ್ಚಿನವರು ಮತ್ತೆ ಸಾಲ ಪಡೆದಿದ್ದಾರೆ" ಎಂಬ ಮಾತನ್ನೂ ನಿಮ್ಮ ಪುಸ್ತಕಗಳನ್ನು ನೋಡಿಯೇ ಬರೆಯಬೇಕು:

"ಕಳೆದ ವರ್ಷ ನಮ್ಮ ಸೊಸೈಟಿಯಲ್ಲಿ 412 ಸದಸ್ಯರು ಬೆಳೆಸಾಲ ಪಡೆದರು, ಒಟ್ಟು 6 ಕೋಟಿ 10 ಲಕ್ಷ ರೂಪಾಯಿ. ಈ ಸಾಲ ವಾಪಸು ಕಟ್ಟುವ ಗಡುವು ಇನ್ನೂ ಬಂದಿಲ್ಲ.

ಅದಕ್ಕೂ ಮುಂಚಿನ ಸಾಲದಲ್ಲಿ 6 ಕೋಟಿ ವಾಪಸು ಬರಬೇಕಿತ್ತು. ಸದಸ್ಯರು 5 ಕೋಟಿ 70 ಲಕ್ಷ ಕಟ್ಟಿದ್ದಾರೆ. ನೂರು ರೂಪಾಯಿ ಬರಬೇಕಾದಲ್ಲಿ ತೊಂಬತ್ತೈದು ಬಂದಿದೆ. ಕಟ್ಟಿದವರಲ್ಲಿ ಹೆಚ್ಚಿನವರು ಮತ್ತೆ ಸಾಲ ಪಡೆದಿದ್ದಾರೆ. ಹಾಗಾಗಿ ಈ ಹಣ ಸೊಸೈಟಿಯಲ್ಲಿ ಉಳಿದಿಲ್ಲ, ತೋಟ-ಗದ್ದೆಗಳಿಗೇ ಹೋಗಿದೆ.

ಗಡುವು ದಾಟಿಯೂ ಬಾರದೆ ಉಳಿದದ್ದು 30 ಲಕ್ಷ. ಇದು 26 ಸದಸ್ಯರ ಸಾಲ. ಎಲೆಚುಕ್ಕಿ ರೋಗದಿಂದ ಫಸಲು ಕಡಿಮೆಯಾಯಿತೆಂದು ಇವರಲ್ಲಿ 17 ಮಂದಿ ಬರೆದುಕೊಟ್ಟಿದ್ದಾರೆ. ಏಪ್ರಿಲ್‌ನಲ್ಲಿ ಎಲ್ಲ 26 ಮಂದಿಗೂ ನೋಟಿಸ್ ಹೋಗಿದೆ. ಉತ್ತರವನ್ನೇ ಕೊಡದ 5 ಮಂದಿಯ ಮೇಲೆ ಸಹಕಾರ ಇಲಾಖೆಯಲ್ಲಿ ದಾವೆ ಹೂಡಲು ಆಡಳಿತ ಮಂಡಳಿ ಜೂನ್ ಸಭೆಯಲ್ಲಿ ತೀರ್ಮಾನಿಸಿದೆ. ಉಳಿದವರ ಜೊತೆ ಮಾತುಕತೆ ನಡೆಯುತ್ತಿದೆ.

ಗಡುವು ದಾಟಿದ ಈ 30 ಲಕ್ಷ, ಇನ್ನೂ ಗಡುವು ಬಾರದ 6 ಕೋಟಿ 10 ಲಕ್ಷ, ಎರಡೂ ಸೇರಿ ಸದಸ್ಯರ ಕೈಯಲ್ಲಿರುವ ಬೆಳೆಸಾಲ 6 ಕೋಟಿ 40 ಲಕ್ಷ. ವರದಿಯ ತಖ್ತೆಯಲ್ಲಿ 'ಹೊರಬಾಕಿ' ಎಂದು ಕಾಣುವುದು ಇದೇ ಮೊತ್ತ."

ಮೂಲಕ್ಕಿಂತ ಇದು ಉದ್ದವಾಯಿತು. ಆಗಲಿ ಬಿಡಿ. ಚಿಕ್ಕದು ಮಾಡುವುದೇ ಸರಳ ಮಾಡುವುದು ಎಂದುಕೊಂಡರೆ ಸಾಲದ ಪ್ಯಾರಾ ಹಾಳಾಗುತ್ತದೆ. ಜಾಗ ಬೇಕಿದ್ದರೆ ಅಧ್ಯಕ್ಷರ ಮುನ್ನುಡಿ ಕಡಿಮೆ ಮಾಡಿ. ನಾಲ್ಕು ಪುಟದ ಪತ್ರದಲ್ಲಿ ಒಂದು ಪುಟ ಅದಕ್ಕೇ ಹೋಗುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. 640.00 ಲಕ್ಷವನ್ನು 6 ಕೋಟಿ 40 ಲಕ್ಷ ಎಂದದ್ದೂ ಬೇಕೆಂದೇ. "ಆರುನೂರ ನಲವತ್ತು ಲಕ್ಷ" ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಕೊನೆಯಲ್ಲಿ "ಹೊರಬಾಕಿ" ಪದವನ್ನು ಹಾಗೇ ಉಳಿಸಿದ್ದು ಯಾಕೆಂದರೆ, ಸಭೆಯ ದಿನ ಸದಸ್ಯರ ಕೈಗೆ ಬರುವ ವರದಿಯಲ್ಲಿ ಅದೇ ಪದ ಇರುತ್ತದೆ. ಎರಡು ಕಾಗದ ಎರಡು ಅಂಕಿ ಹೇಳುತ್ತಿವೆ ಎಂದು ಯಾರೂ ಎದ್ದು ನಿಲ್ಲಬಾರದಲ್ಲ.

ಹೆಸರಿನ ಬಗ್ಗೆ ಬಹಳ ಜಾಗ್ರತೆ ಬೇಕು. ಸುಸ್ತಿದಾರರ ಪಟ್ಟಿ ಹಾಕಿದರೆ ನಾಚಿಕೆಗಾದರೂ ಕಟ್ಟುತ್ತಾರೆ ಎಂದು ಮಂಡಳಿಯಲ್ಲಿ ಯಾರಾದರೊಬ್ಬರು ಹೇಳೇ ಹೇಳುತ್ತಾರೆ. ವಾರ್ತಾಪತ್ರದಲ್ಲಿ ಅದು ಬೇಡ. ಹೆಸರು ಹಾಕದೆ "ಮೇಲಿನಕೇರಿಯ ಮೂವರು", "ಒಬ್ಬ ಮಾಜಿ ನಿರ್ದೇಶಕರು" ಎಂದು ಬರೆಯುವುದಂತೂ ಇನ್ನೂ ಕೆಟ್ಟದ್ದು. ನಮ್ಮ ಕಡೆಯ ಊರುಗಳಲ್ಲಿ ಗುಡ್ಡಕ್ಕೊಂದು ಮನೆ, ಒಂದು ಸುಳಿವು ಸಿಕ್ಕರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಹೆಸರನ್ನೇ ಹಾಕಿದ್ದರೆ ಅವರು ಬಂದು ವಾದ ಮಾಡಬಹುದಿತ್ತು. ಸುಳಿವು ಕೊಟ್ಟರೆ ಆ ಅವಕಾಶವೂ ಇಲ್ಲ. 17 ಮಂದಿಯ ಕಾರಣವನ್ನು ಹಾಕಿದ್ದು ಅವರ ಪರ ವಕಾಲತ್ತು ಮಾಡಲಿಕ್ಕಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಲೆಚುಕ್ಕಿ ಹೊಡೆದ ತೋಟ ಹೇಗಿರುತ್ತದೆ ಎಂದು ಸದಸ್ಯರಿಗೆ ಗೊತ್ತು. ಕೈಲಾಗದೆ ನಿಂತವನನ್ನೂ ಕೈಲಾಗಿಯೂ ನಿಂತವನನ್ನೂ ಸೊಸೈಟಿ ಒಂದೇ ತಕ್ಕಡಿಗೆ ಹಾಕಿಲ್ಲ ಎಂಬುದು ಅವರಿಗೆ ತಿಳಿಯಬೇಕು. ಹಾಗಂತ "ಪ್ರಕೃತಿ ವಿಕೋಪ ಹಾಗೂ ಇತರೆ ಕಾರಣಗಳಿಂದ" ಎಂದು ತೇಲಿಸಬೇಡಿ. ಯಾವ ರೋಗ, ಎಷ್ಟು ಮಂದಿ ಹಾಗೆಂದು ಹೇಳಿದ್ದಾರೆ, ಅಷ್ಟೇ. "ಬರೆದುಕೊಟ್ಟಿದ್ದಾರೆ" ಎಂಬ ಮಾತೂ ಉಳಿಯಲಿ, ಏಕೆಂದರೆ ಅದನ್ನು ಸೊಸೈಟಿ ಹೋಗಿ ನೋಡಿ ಖಾತ್ರಿ ಮಾಡಿಕೊಂಡಿಲ್ಲ.

ನೆರೆಹೊರೆಯ ಮಾತು ಅಂದಾಕ್ಷಣ ಕೆಲವರು ಮನೆಮಾತಿನಲ್ಲೇ ಬರೆಯಲು ಹೊರಡುತ್ತಾರೆ. ನಿಮ್ಮ ಸದಸ್ಯರಲ್ಲಿ ಹವ್ಯಕರಿರುತ್ತಾರೆ, ಒಕ್ಕಲಿಗರಿರುತ್ತಾರೆ, ದೀವರಿರುತ್ತಾರೆ, ಘಟ್ಟದ ಕೆಳಗಿನಿಂದ ಬಂದು ನೆಲೆಸಿದವರಿರುತ್ತಾರೆ. ಯಾವ ಒಂದು ಮನೆಯ ಮಾತಿನಲ್ಲಿ ಬರೆದರೂ ಸೊಸೈಟಿ ಆ ಮನೆಯವರದ್ದು ಎಂಬ ಭಾವನೆ ಬರುತ್ತದೆ. ಎಲ್ಲರೂ ಪೇಟೆಯಲ್ಲಿ ಸಿಕ್ಕಾಗ ಆಡುವ ಕನ್ನಡವೇ ಸಾಕು. "ಆತ್ಮೀಯ ಬಂಧುಗಳೇ" ಎಂಬ ಸಿಹಿಯೂ ಬೇಡ. ಸದಸ್ಯನಿಗೆ ಆತ್ಮೀಯತೆ ಕಾಣುವುದು ಅವನಿಗೆ ಬೇಕಾದ ಉತ್ತರ ಸಿಕ್ಕಾಗ.

ಆ ಉತ್ತರಗಳಲ್ಲಿ ಒಂದು ನಿಮ್ಮ ಮೂಲ ಪ್ಯಾರಾದಲ್ಲಿ ಪೂರ್ತಿ ಬಿಟ್ಟುಹೋಗಿದೆ: ತಡವಾದರೆ ನನಗೇನಾಗುತ್ತದೆ? ಗಡುವಿನೊಳಗೆ ಕಟ್ಟಿದ ಬೆಳೆಸಾಲಕ್ಕೆ ಒಂದು ಮಿತಿಯವರೆಗೆ ಬಡ್ಡಿ ಇಲ್ಲ, ಅದನ್ನು ಸರ್ಕಾರ ಭರಿಸುತ್ತದೆ. ಈ ಮಿತಿಯನ್ನು 2023ರ ರಾಜ್ಯ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಗಡುವು ದಾಟಿದರೆ ರಿಯಾಯಿತಿ ಕೈತಪ್ಪುತ್ತದೆ. "ರಿಯಾಯಿತಿ ಸೌಲಭ್ಯದಿಂದ ವಂಚಿತರಾಗುವರು" ಎಂದರೆ ಯಾರಿಗೂ ತಟ್ಟುವುದಿಲ್ಲ, ರೂಪಾಯಿಯಲ್ಲಿ ಹೇಳಿ. ನಿಮ್ಮ ಸಂಘದ ದರ ಶೇ. 10 ಎಂದಿಟ್ಟುಕೊಳ್ಳೋಣ. ಒಂದೂವರೆ ಲಕ್ಷದ ಸಾಲಕ್ಕೆ ವರ್ಷದ ಬಡ್ಡಿ 15,000. ರೇಟು ಏರಲಿ ಎಂದು ಮೂರು ಕ್ವಿಂಟಾಲ್ ರಾಶಿ ಇಡಿ ಅಡಿಕೆಯನ್ನು ಇಟ್ಟುಕೊಂಡು ಗಡುವು ದಾಟಿಸಿದವನಿಗೆ ಕ್ವಿಂಟಾಲಿಗೆ 5,000 ಏರಿದರೆ ಬಡ್ಡಿಗೆ ಸರಿಹೋಯಿತು, ಕೈಗೇನೂ ಉಳಿಯಲಿಲ್ಲ. ಅಡಿಕೆ ಮಾರಾಟ ಸಹಕಾರ ಸಂಘದಲ್ಲಿ ಅಡಿಕೆ ಇಟ್ಟು ಅದರ ಮೇಲೆ ಮುಂಗಡ ಪಡೆದು ಸಾಲ ಕಟ್ಟುವ ದಾರಿಯೂ ಇದೆ. ಆ ಮುಂಗಡದ ಬಡ್ಡಿ ಎಷ್ಟೆಂದು ಕೇಳಿ ಪಕ್ಕದಲ್ಲೇ ಬರೆದರೆ ಓದುವವನೇ ಹೋಲಿಸಿ ನೋಡುತ್ತಾನೆ. ಇಷ್ಟನ್ನು ಒಂದು ಚೌಕಟ್ಟಿನಲ್ಲಿ ಹಾಕಿ. ಇಡೀ ವಾರ್ತಾಪತ್ರದಲ್ಲಿ ಜನ ಕತ್ತರಿಸಿ ಇಟ್ಟುಕೊಳ್ಳುವ ಭಾಗ ಅದೇ ಆಗಬಹುದು. ಸಂಘದ ಈಗಿನ ದರವನ್ನು ಮಾತ್ರ ಸಿಇಒ ಕೈಯಲ್ಲೇ ಬರೆಸಿಕೊಳ್ಳಿ.

ಗೊಬ್ಬರ, ಪಡಿತರ, ಕಟ್ಟಡದ ಪ್ಯಾರಾಗಳಿಗೆ ಇಷ್ಟು ಪಾಡಿಲ್ಲ. "ಲಭ್ಯತೆಗನುಗುಣವಾಗಿ ರಸಗೊಬ್ಬರ ವಿತರಿಸಲಾಗಿರುತ್ತದೆ" ಎಂಬಲ್ಲಿ ಯಾವ ತಿಂಗಳು ಯಾವ ಗೊಬ್ಬರ ಇರಲಿಲ್ಲ, ಯಾಕೆ ಬರಲಿಲ್ಲ ಎಂದು ಬರೆದರೆ ಮುಗಿಯಿತು. ಲಾಭದ ಪ್ಯಾರಾದಲ್ಲಿ ಒಂದು ವಿಷಯ ಸೇರಿಸಿ: ನಿವ್ವಳ ಲಾಭದಲ್ಲಿ ಕನಿಷ್ಠ ನಾಲ್ಕನೇ ಒಂದು ಭಾಗವನ್ನು ಕಾಯ್ದಿಟ್ಟ ನಿಧಿಗೆ ಹಾಕಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. ಲಾಭ 8 ಲಕ್ಷವಿದ್ದರೆ 2 ಲಕ್ಷ ಹಂಚಲು ಸಿಗುವುದೇ ಇಲ್ಲ. ಡಿವಿಡೆಂಡ್ ಯಾಕೆ ಇಷ್ಟೇ ಎಂದು ಪ್ರತಿ ಮಹಾಸಭೆಯಲ್ಲೂ ಏಳುವ ಕೂಗಿಗೆ ಅರ್ಧ ಉತ್ತರ ಇದರಲ್ಲಿದೆ. ಉಳಿದರ್ಧಕ್ಕೆ ನೀವು ಮಂಡಳಿಯವರು ಉತ್ತರ ಹೇಳಬೇಕು.

ಕರಡು ಸಿದ್ಧವಾದ ಮೇಲೆ ಇಬ್ಬರಿಗೆ ಕೊಡಿ. ಒಬ್ಬರು ಸಿಇಒ. ಅವರು ಅಂಕಿಗಳನ್ನು ಮಾತ್ರ ಲೆಡ್ಜರಿಗೆ ತಾಳೆ ನೋಡಿ ಪ್ರತಿ ಅಂಕಿಯ ಪಕ್ಕ ಸಹಿ ಹಾಕಲಿ, ಭಾಷೆಯನ್ನು ಮುಟ್ಟುವುದು ಬೇಡ. ಮುಟ್ಟಿದರೆ "ಸದರಿ" ವಾಪಸು ಬಂದುಬಿಡುತ್ತದೆ. ಇನ್ನೊಬ್ಬರು ಸೊಸೈಟಿಯ ಲೆಕ್ಕ ನೋಡದ ಸಾಮಾನ್ಯ ಸದಸ್ಯರು, ಠೇವಣಿ ಇಟ್ಟವರಾದರೆ ಒಳ್ಳೆಯದು. ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ಕಾಗದ ಮಡಚಿಟ್ಟು "ಗಡುವು ದಾಟಿಯೂ ಬಾರದ ಸಾಲ ಎಷ್ಟಂತೆ?" ಎಂದು ಕೇಳಿ. ಮೂವತ್ತು ಲಕ್ಷ ಅಂದರೆ ಅಚ್ಚಿಗೆ ಕಳಿಸಿ. ಆರು ಕೋಟಿ ನಲವತ್ತು ಲಕ್ಷ ಅಂದರೆ ಆ ಕೊನೆಯ ಎರಡು ಪ್ಯಾರಾಗಳನ್ನು ಮತ್ತೆ ಬರೆಯಬೇಕು.